ಒಂದೇ ದಿನ ಹದಿನಾಲ್ಕು ಸಲ ನೋಡಿದ ಬಿ.ಪಿ.

ಉಳ್ಳಾಲದಲ್ಲಿ ನನ್ನ ದೊಡ್ಡಪ್ಪನ ಮನೆ ಕಡಲಿಗೆ ಹತ್ತಿರ. ಮಳೆಗಾಲದಲ್ಲಿ ಚಾವಡಿಯಲ್ಲಿ ಕೂತರೆ ಅಲೆ ಬಂದು ಕಲ್ಲಿಗೆ ಬಡಿಯುವುದು ಕೇಳಿಸುತ್ತದೆ. ಆ ಚಾವಡಿಯ ಮೇಜಿನ ಮೇಲೆ ಒಂದು ಬಿ.ಪಿ. ಮೆಷಿನ್, ಪಕ್ಕದಲ್ಲಿ ನೂರು ಪುಟದ ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ದೊಡ್ಡಪ್ಪನಿಗೆ 68 ವರ್ಷ, ನಿವೃತ್ತ ಮಾಷ್ಟ್ರು. ಒಂಬತ್ತು ವರ್ಷಗಳಿಂದ ಬೆಳಿಗ್ಗೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ಒಂದು. ಶುಗರ್ ಇಲ್ಲ, ಹೃದಯದ ತೊಂದರೆ ಇಲ್ಲ, ಮೂತ್ರಪಿಂಡ ಸರಿಯುಂಟು. ಡಾಕ್ಟರರ ಭಾಷೆಯಲ್ಲಿ ಇಂಥವರನ್ನು ‘ಸ್ಟೇಬಲ್’ ರೋಗಿ ಅನ್ನುತ್ತಾರೆ.

2025ರ ಜುಲೈ ತಿಂಗಳ ಒಂದು ದಿನದ ಪುಟ ನನ್ನ ಕಣ್ಣಿಗೆ ಬಿತ್ತು. ಬೆಳಿಗ್ಗೆ 6.10ಕ್ಕೆ 132/82. ಒಳ್ಳೆಯ ಅಂಕೆ, ಅಲ್ಲಿಗೇ ಮುಗಿಯಬಹುದಿತ್ತು. 6.13ಕ್ಕೆ 138/84. 6.15ಕ್ಕೆ 141/86. 6.20ಕ್ಕೆ 149/90, ಅದಕ್ಕೆ ಕೆಂಪು ಪೆನ್ನಿನಲ್ಲಿ ಅಡಿಗೆರೆ. 6.24ಕ್ಕೆ 156/94, ಅದಕ್ಕೆ ಎರಡು ಗೆರೆ. ಮುಂದಿನ ಸಾಲಿನಲ್ಲಿ ‘ಮಾತ್ರೆ ಇನ್ನೊಂದು ತೆಗೆದುಕೊಂಡೆ’ ಎಂದು ಬರೆದಿತ್ತು. ರಾತ್ರಿ ಮಲಗುವಾಗ 124/76. ಆ ದಿನ ಒಟ್ಟು ಹದಿನಾಲ್ಕು ಸಲ ನೋಡಿದ್ದರು. ಇದೇ ರೀತಿ ಮೂರು ದಿನ ಹೆಚ್ಚಿನ ಮಾತ್ರೆ ನುಂಗಿ, ನಾಲ್ಕನೆಯ ಬೆಳಿಗ್ಗೆ ಬಚ್ಚಲಿನಿಂದ ಏಳುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ನಿಂತರು. ಕಾಲಿನ ಗಂಟಿನ ಹತ್ತಿರ ಬಾವು ಬಂದಿತ್ತು. ದೊಡ್ಡಮ್ಮ ಅವರನ್ನು ರಿಕ್ಷಾದಲ್ಲಿ ದೇರಳಕಟ್ಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆ ತಿಂಗಳು ಅವರೊಬ್ಬರೇ ಹೀಗಿದ್ದದ್ದಲ್ಲ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವು ಎಂಬ ಸುದ್ದಿ ಟಿ.ವಿ.ಯಲ್ಲಿ ಬಂದು, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸರತಿಯಲ್ಲಿ ನಿಂತ ದಿನಗಳವು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲವೆಂದು ಆಮೇಲೆ ಹೇಳಿತು. ಅಷ್ಟರಲ್ಲಿ ಮನೆಮನೆಯ ಮೆಷಿನ್‌ಗಳು ಕಪಾಟಿನಿಂದ ಮೇಜಿಗೆ ಇಳಿದಾಗಿತ್ತು. ಕೊರೊನಾ ಕಾಲದಲ್ಲಿ ಆಕ್ಸಿಮೀಟರಿಗೆ ಬೆರಳು ಕೊಟ್ಟು ಗಂಟೆಗೊಮ್ಮೆ ನೋಡಿದ ಅಭ್ಯಾಸವೂ ನಮ್ಮನ್ನು ಪೂರ್ತಿ ಬಿಟ್ಟಿರಲಿಲ್ಲ.

ದೇರಳಕಟ್ಟೆಯ ಡಾಕ್ಟರು ನೋಟ್‌ಬುಕ್ಕನ್ನು ಪುಟ ಪುಟ ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಮಾಷ್ಟ್ರೇ, ಇದರಲ್ಲಿ ಯಾವ ಅಂಕೆಯನ್ನು ನಾನು ನಂಬಬೇಕು?”

ಹದಿನಾಲ್ಕು ನಿಮಿಷದಲ್ಲಿ 24 ಅಂಕೆ ಏರಿದ್ದು ಹೇಗೆ

ರಕ್ತದೊತ್ತಡ ಒಂದು ಸ್ಥಿರ ಅಂಕೆಯಲ್ಲ. ಪ್ರತಿ ಹೃದಯ ಬಡಿತಕ್ಕೂ, ಪ್ರತಿ ಉಸಿರಿಗೂ ಅದು ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ. ಮೆಟ್ಟಿಲು ಹತ್ತಿದರೆ, ಮೂತ್ರ ತಡೆದುಕೊಂಡರೆ, ಮಾತಾಡಿದರೆ, ಫೋನಿನಲ್ಲಿ ಯಾರ ಮೇಲಾದರೂ ರೇಗಿದರೆ ಏರುತ್ತದೆ. ನಿದ್ದೆಯಲ್ಲಿ ಇಳಿಯುತ್ತದೆ. ಆರೋಗ್ಯವಂತರಲ್ಲೂ ದಿನದೊಳಗೆ ಮೇಲಿನ ಅಂಕೆ 20–30ರಷ್ಟು ಹೆಚ್ಚು ಕಡಿಮೆ ಆಗುವುದು ಸಹಜ. ಡಾಕ್ಟರರಿಗೆ ಬೇಕಾದ್ದು ಈ ಏರಿಳಿತದ ನಡುವಿನ ಸರಾಸರಿ. ಒಂದು ಸಲದ ಅಂಕೆಯಿಂದ ಅದು ಸಿಗುವುದಿಲ್ಲ. ಹೆದರಿಕೆಯಲ್ಲಿ ಬೆನ್ನುಬೆನ್ನಿಗೆ ತೆಗೆದ ಐದು ಅಂಕೆಗಳಿಂದಲೂ ಸಿಗುವುದಿಲ್ಲ.

ಹೆದರಿಕೆ ಎಷ್ಟು ಏರಿಸಬಲ್ಲದು ಎಂಬುದಕ್ಕೆ ಹಳೆಯದೊಂದು ಪ್ರಯೋಗ ಉಂಟು. 1983ರಲ್ಲಿ ಇಟಲಿಯ ಜ್ಯೂಸೆಪ್ಪೆ ಮಾನ್ಚಿಯಾ ಮತ್ತು ಅವರ ಸಹೋದ್ಯೋಗಿಗಳು ರೋಗಿಗಳ ರಕ್ತನಾಳದೊಳಗೇ ಸಣ್ಣ ನಳಿಕೆಯಿಟ್ಟು ಒತ್ತಡವನ್ನು ಎಡೆಬಿಡದೆ ದಾಖಲಿಸಿದರು. ಬಿ.ಪಿ. ನೋಡಲು ಡಾಕ್ಟರು ಹಾಸಿಗೆಯ ಹತ್ತಿರ ಬಂದ ಕೂಡಲೇ ಮೇಲಿನ ಅಂಕೆ ಸರಾಸರಿ 27ರಷ್ಟು, ಕೆಳಗಿನದು 15ರಷ್ಟು ಏರಿತು. ಅದು ಮೊದಲ ಕೆಲವು ನಿಮಿಷಗಳಲ್ಲೇ ತುದಿಗೆ ಹೋಗಿ, ಆಮೇಲೆ ನಿಧಾನಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿ ಅಂಕೆ ಹೆಚ್ಚು ಬರುತ್ತದೆ ಎಂದೇ ನಾವು ಮನೆಗೆ ಮೆಷಿನ್ ತಂದದ್ದು. ಆದರೆ ಮೆಷಿನ್ನಿಗೇ ಹೆದರತೊಡಗಿದರೆ ಮನೆಯ ಚಾವಡಿಯಲ್ಲೂ ಅದೇ ಏರಿಕೆ ಬರುತ್ತದೆ. ಕೈಗೆ ಪಟ್ಟಿ ಸುತ್ತುವಾಗಲೇ ಎದೆ ಬಡಿದುಕೊಳ್ಳುತ್ತದೆ, ಅಂಕೆ ಏರುತ್ತದೆ, ಏರಿದ ಅಂಕೆ ಕಂಡು ಹೆದರಿಕೆ ಇಮ್ಮಡಿಸುತ್ತದೆ, ಮತ್ತೆ ಪಟ್ಟಿ. ದೊಡ್ಡಪ್ಪನ ಪುಟದಲ್ಲಿ 132ರಿಂದ 156ಕ್ಕೆ ಹೋದ ದಾರಿ ಇದೇ.

ಇದಕ್ಕೆ ಮೆಷಿನ್ನಿನ ಪಾಲೂ ಸೇರುತ್ತದೆ. ಮನೆಯ ಮೆಷಿನ್ ಪಟ್ಟಿಯೊಳಗಿನ ಸಣ್ಣ ಕಂಪನಗಳನ್ನು ಹಿಡಿದು, ಲೆಕ್ಕ ಹಾಕಿ ಎರಡು ಅಂಕೆ ಕೊಡುತ್ತದೆ. ಪರೀಕ್ಷೆಯಲ್ಲಿ ಪಾಸಾದ ಒಳ್ಳೆಯ ಮೆಷಿನ್ನಿಗೂ ಸರಾಸರಿಯಲ್ಲಿ 5ರವರೆಗೆ ತಪ್ಪಲು ಅವಕಾಶವಿದೆ, ಒಂದೊಂದು ಸಲ ಅದಕ್ಕಿಂತ ಹೆಚ್ಚೂ ತಪ್ಪಬಹುದು. ಹಾಗಾಗಿ 132 ಮತ್ತು 138ರ ನಡುವೆ ನಿಜವಾಗಿ ವ್ಯತ್ಯಾಸ ಇದೆಯೋ ಇಲ್ಲವೋ ಎಂದು ಮೆಷಿನ್ನಿಗೇ ಗೊತ್ತಿಲ್ಲ. ಬಿಡುವು ಕೊಡದೆ ಪಟ್ಟಿಯನ್ನು ಮತ್ತೆ ಮತ್ತೆ ಉಬ್ಬಿಸಿದರೆ ಕೈಯಲ್ಲಿ ರಕ್ತ ಕಟ್ಟಿ ಅಂಕೆ ಇನ್ನೂ ಹದಗೆಡುತ್ತದೆ. ಕೈಯನ್ನು ಮೇಜಿನ ಮೇಲಿಡದೆ ತೊಡೆಯ ಮೇಲಿಟ್ಟರೆ, ಪಟ್ಟಿ ಎದೆಯ ಮಟ್ಟಕ್ಕಿಂತ ಒಂದು ಅಂಗೈ ಅಗಲ ಕೆಳಗಿದ್ದರೂ ಸಾಕು, ಸುಮಾರು 8 ಅಂಕೆ ಸುಮ್ಮನೆ ಸೇರಿಕೊಳ್ಳುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಹಾಗೆಯೇ. ದೊಡ್ಡಪ್ಪ ಆರಾಮ ಕುರ್ಚಿಯಲ್ಲಿ ಒರಗಿ, ಕೈ ಜೋತು ಬಿಟ್ಟು, ಬನಿಯನ್ನಿನ ಮೇಲೆ ಹಾಕಿದ ಶರಟಿನ ತೋಳಿನ ಮೇಲೇ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಒಂಬತ್ತು ವರ್ಷದಲ್ಲಿ ಯಾರೂ ಅವರಿಗೆ ಕೂರುವುದು ಹೇಗೆಂದು ತೋರಿಸಿರಲಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದ ವಿಷಯ. ಮೆಷಿನ್ ಮಾರುವವರಾಗಲಿ, ಅದನ್ನು ತನ್ನಿ ಎಂದವರಾಗಲಿ ಹತ್ತು ನಿಮಿಷ ಕೊಟ್ಟಿದ್ದರೆ ಅರ್ಧ ನೋಟ್‌ಬುಕ್ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಹೆಚ್ಚಿನ ಮಾತ್ರೆ ಯಾಕೆ ಬೇಡ

ದೊಡ್ಡಪ್ಪ 6.40ಕ್ಕೆ ಇನ್ನೊಂದು ಮಾತ್ರೆ ನುಂಗಿ, 7.30ಕ್ಕೆ ಮತ್ತೆ ನೋಡಿ, ಸ್ವಲ್ಪ ಇಳಿದದ್ದು ಕಂಡು ಮಾತ್ರೆ ಕೆಲಸ ಮಾಡಿತು ಅಂದುಕೊಂಡರು. ಅಮ್ಲೋಡಿಪಿನ್ ಹಾಗೆ ಕೆಲಸ ಮಾಡುವ ಮದ್ದಲ್ಲ. ನುಂಗಿದ 6ರಿಂದ 12 ಗಂಟೆಗಳ ನಂತರ ಅದು ರಕ್ತದಲ್ಲಿ ಅತಿ ಹೆಚ್ಚಿನ ಮಟ್ಟಕ್ಕೆ ಬರುತ್ತದೆ. ಅದರ ಅರ್ಧ ಭಾಗ ದೇಹದಿಂದ ಹೋಗಲು 30ರಿಂದ 50 ಗಂಟೆ ಬೇಕು. ದಿನವೂ ತೆಗೆದುಕೊಂಡರೆ ಏಳೆಂಟು ದಿನಗಳಲ್ಲಿ ಅದರ ಮಟ್ಟ ಒಂದು ಹದಕ್ಕೆ ಬಂದು ನಿಲ್ಲುತ್ತದೆ. 7.30ಕ್ಕೆ ಅಂಕೆ ಇಳಿದದ್ದು ಮನಸ್ಸು ಸಮಾಧಾನವಾದದ್ದರಿಂದ. ಮಾತ್ರೆಯ ಕೆಲಸ ಮಧ್ಯಾಹ್ನದ ಮೇಲೆ ಶುರುವಾಗಿ, ಮೂರು ದಿನದ್ದು ಒಂದರ ಮೇಲೊಂದು ಕೂಡಿ, ನಾಲ್ಕನೆಯ ಬೆಳಿಗ್ಗೆ ಬಚ್ಚಲಲ್ಲಿ ಕಾಣಿಸಿತು. ಕಾಲಿನ ಬಾವೂ ಈ ಮದ್ದು ಹೆಚ್ಚಾದಾಗ ಬರುವಂಥದ್ದೇ.

ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬ ಪ್ರಶ್ನೆಗೆ ಉತ್ತರ ಇರುವುದೂ ಇಲ್ಲಿಯೇ. ಮದ್ದು ವಾರದ ಲೆಕ್ಕದಲ್ಲಿ ಕೆಲಸ ಮಾಡುವಾಗ ಅಂಕೆಯನ್ನು ಗಂಟೆಯ ಲೆಕ್ಕದಲ್ಲಿ ನೋಡಿದರೆ ಮದ್ದಿನ ಬಗ್ಗೆ ಏನೂ ತಿಳಿಯುವುದಿಲ್ಲ. ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳ ಪೂರ್ತಿ ಪರಿಣಾಮ ತಿಳಿಯಲು ನಾಲ್ಕು ವಾರವೇ ಬೇಕಾಗಬಹುದು. ಡಾಕ್ಟರು ಡೋಸ್ ಬದಲಿಸಿ ತಿಂಗಳು ಬಿಟ್ಟು ಬನ್ನಿ ಎನ್ನುವುದು ಇದಕ್ಕೇ.

ಕೂಡಲೇ ಇಳಿಸುವ ಹಟದಿಂದ ಆದ ಅಪಾಯದ ಪಾಠ ವೈದ್ಯಲೋಕಕ್ಕೂ ಉಂಟು. ಬಿ.ಪಿ. ಹೆಚ್ಚು ಕಂಡರೆ ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಗೆಯಡಿ ಹಿಂಡುವ ಪದ್ಧತಿ ಒಂದು ಕಾಲದಲ್ಲಿ ಎಲ್ಲ ಕಡೆ ಇತ್ತು. ಒತ್ತಡ ಒಮ್ಮೆಲೇ ಕುಸಿದು ಪಾರ್ಶ್ವವಾಯು, ಹೃದಯಾಘಾತ ಆದ ಉದಾಹರಣೆಗಳು ಬಂದವು. 1996ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ತಜ್ಞರು ಇದನ್ನು ನಿಲ್ಲಿಸಬೇಕೆಂದು ಬರೆದರು. ಮನೆಯಲ್ಲಿ ಯಾರಾದರೂ ಹಳೆಯ ನೆನಪಿನಿಂದ ಆ ಉಪಾಯ ಹೇಳಿದರೆ ದಯವಿಟ್ಟು ಕೇಳಬೇಡಿ.

ಏಳು ದಿನದ ಲೆಕ್ಕ

ದೊಡ್ಡಪ್ಪನಿಗೆ ಡಾಕ್ಟರು ಹಾಕಿಕೊಟ್ಟ ಕ್ರಮ ಅವರ ಸ್ವಂತದ್ದಲ್ಲ, ಯುರೋಪಿನ ರಕ್ತದೊತ್ತಡ ತಜ್ಞರ ಸಂಘ ಹೇಳುವುದೂ ಇದನ್ನೇ. ಡಾಕ್ಟರರನ್ನು ಕಾಣಲು ಹೋಗುವ ಮೊದಲಿನ ಏಳು ದಿನ ನೋಡಬೇಕು. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಚಹಾ ತಿಂಡಿಗೆ ಮುಂಚೆ, ಮಾತ್ರೆಗೂ ಮುಂಚೆ ಒಮ್ಮೆ. ಸಂಜೆ ಊಟಕ್ಕೆ ಮುಂಚೆ ಒಮ್ಮೆ. ಪ್ರತಿ ಸಲವೂ ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿ ಬರಿಯ ತೋಳಿಗೆ, ಎದೆಯ ಮಟ್ಟದಲ್ಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ, ಎರಡನ್ನೂ ಬರೆದು, ಮೆಷಿನ್ ಒಳಗಿಡಬೇಕು. ಅಂಕೆ 180 ಮುಟ್ಟದ ಹೊರತು ಮೂರನೆಯದು ಇಲ್ಲ. ಚೆನ್ನಾಗಿ ಬಂದ ಅಂಕೆಯನ್ನಷ್ಟೇ ಬರೆಯುವುದೂ ತಪ್ಪು, ಕೆಟ್ಟದಾಗಿ ಬಂದದ್ದನ್ನಷ್ಟೇ ನೆನಪಿಡುವುದೂ ತಪ್ಪು.

ಮೊದಲ ದಿನ ಹೊಸತನದ ಗಾಬರಿಯಿಂದ ಅಂಕೆ ಏರುತ್ತದೆಂದು ಆ ದಿನದ್ದನ್ನು ಬಿಟ್ಟುಬಿಡುತ್ತಾರೆ. ಉಳಿದ ಆರು ದಿನದ ಸರಾಸರಿ ತೆಗೆಯುತ್ತಾರೆ. ದೊಡ್ಡಪ್ಪನ ಮೊದಲ ದಿನ 152/92 ಬಂದಿತ್ತು, ಅದಕ್ಕೆ ಅಡ್ಡಗೆರೆ. ಮುಂದಿನ ಆರು ಬೆಳಗುಗಳ ಮೇಲಿನ ಅಂಕೆ, ಎರಡೆರಡರ ಸರಾಸರಿ ತೆಗೆದಾಗ, 134, 138, 131, 142, 133, 132. ಸಂಜೆಯದು 128, 126, 124, 130, 127, 125. ಎಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ 131. ಕೆಳಗಿನ ಅಂಕೆ ಅದೇ ರೀತಿ 80. ಮನೆಯಲ್ಲಿ ನೋಡಿದ ಸರಾಸರಿ 135/85ರ ಒಳಗಿದ್ದರೆ ಹತೋಟಿಯಲ್ಲಿದೆ ಎಂಬುದು ಸಾಮಾನ್ಯ ಲೆಕ್ಕ. ಆಸ್ಪತ್ರೆಯ 140/90ಕ್ಕೆ ಇದು ಸಮ. ಕೆಲವರಿಗೆ ಡಾಕ್ಟರು ಇನ್ನೂ ಕಡಿಮೆ ಗುರಿ ಇಡುತ್ತಾರೆ, ನಿಮ್ಮದು ಎಷ್ಟೆಂದು ಕೇಳಿ ಬರೆದಿಟ್ಟುಕೊಳ್ಳಿ. ಐದನೆಯ ದಿನದ ಬೆಳಿಗ್ಗೆಯ 142 ಕಂಡು ದೊಡ್ಡಪ್ಪ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಹಿಂದಿನ ರಾತ್ರಿ ಗಂಜಿಗೆ ಒಣಮೀನಿನ ಚಟ್ನಿ, ಉಪ್ಪಿನಕಾಯಿ ಎರಡೂ ಇತ್ತೆಂದು ದೊಡ್ಡಮ್ಮ ನೆನಪಿಸಿದರು. ಅದರಿಂದಲೇ ಏರಿತು ಎಂದು ಒಂದು ದಿನದ ಅಂಕೆ ನೋಡಿ ಹೇಳಲಾಗದು. ಉಪ್ಪು ಕಡಿಮೆ ಮಾಡುವುದು ಮಾತ್ರ ಹೇಗೂ ಒಳ್ಳೆಯದು. ಆ 142 ಸೇರಿಯೂ ಸರಾಸರಿ 131ರಲ್ಲೇ ನಿಂತಿತು.

ಈ ಏಳು ದಿನಗಳ ನಂತರ? ಮುಂದಿನ ಭೇಟಿ ಮೂರು ಅಥವಾ ಆರು ತಿಂಗಳಿಗೆ ಇದ್ದರೆ, ನಡುವಿನ ಕಾಲದಲ್ಲಿ ಹೆಚ್ಚೆಂದರೆ ವಾರಕ್ಕೆ ಒಂದೆರಡು ದಿನ, ಕಡಿಮೆಯೆಂದರೆ ತಿಂಗಳಿಗೊಂದು ದಿನ ನೋಡಿದರೆ ಸಾಕು. ಸ್ಟೇಬಲ್ ರೋಗಿಗೆ ಅದಕ್ಕಿಂತ ಹೆಚ್ಚು ಅಗತ್ಯವಿಲ್ಲ. ಮದ್ದು ಬದಲಾದರೆ ಡಾಕ್ಟರು ಹೇಳಿದಷ್ಟು ವಾರ ಕಳೆದ ಮೇಲೆ ಮತ್ತೊಮ್ಮೆ ಏಳು ದಿನದ ಲೆಕ್ಕ. ಗರ್ಭಿಣಿಯರು, ಡಯಾಲಿಸಿಸ್‌ನಲ್ಲಿರುವವರು, ಹೃದಯ ದುರ್ಬಲವಾದವರು, ನಿಂತಾಗ ತಲೆಸುತ್ತು ಬರುವವರು ಈ ಲೆಕ್ಕಕ್ಕೆ ಸೇರುವುದಿಲ್ಲ, ಅವರಿಗೆ ಡಾಕ್ಟರು ಬೇರೆಯೇ ಕ್ರಮ ಹೇಳುತ್ತಾರೆ. ಎದೆಬಡಿತ ತಾಳತಪ್ಪುವ ಕಾಯಿಲೆ ಇದ್ದವರಲ್ಲಿ ಮನೆಯ ಮೆಷಿನ್ನಿನ ಅಂಕೆ ಅಷ್ಟು ನಂಬಿಕೆಗೆ ಅರ್ಹವಲ್ಲ.

ಮೆಷಿನ್ ಕೊಳ್ಳುವುದಾದರೆ ತೋಳಿಗೆ ಕಟ್ಟುವಂಥದ್ದನ್ನೇ ಕೊಳ್ಳಿ, ಮಣಿಕಟ್ಟಿಗೆ ಕಟ್ಟುವುದರಲ್ಲಿ ತಪ್ಪು ಹೆಚ್ಚು. ವರ್ಷಕ್ಕೊಮ್ಮೆ ಅದನ್ನು ಚೀಲದಲ್ಲಿ ಹಾಕಿ ಡಾಕ್ಟರರಲ್ಲಿಗೆ ಒಯ್ದು ಅವರ ಅಂಕೆಯೊಂದಿಗೆ ಹೋಲಿಸಿ ನೋಡಿ.

ಕೈ ಮೆಷಿನ್ನಿನತ್ತ ಹೋದಾಗ

ದೊಡ್ಡಪ್ಪನಿಗೆ ಲೆಕ್ಕ ಅರ್ಥವಾಯಿತು. ಆದರೂ ಕೈ ಮೆಷಿನ್ನಿನತ್ತ ಹೋಗುವುದು ನಿಲ್ಲಲಿಲ್ಲ, ಯಾಕೆಂದರೆ ಅವರು ಹುಡುಕುತ್ತಿದ್ದದ್ದು ಸಮಾಧಾನ. 128 ಬಂದರೆ ಹತ್ತು ನಿಮಿಷ ನೆಮ್ಮದಿ. ಆಮೇಲೆ ‘ಈಗ ಎಷ್ಟುಂಟೋ’ ಎಂಬ ಯೋಚನೆ ಮತ್ತೆ ತಲೆಗೆ ಬರುತ್ತದೆ. ನೋಡಿ ಪಡೆದ ನೆಮ್ಮದಿ ಮುಂದಿನ ಸಲ ಇನ್ನೂ ಬೇಗ ಕರಗುತ್ತದೆ, ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ನಾಲ್ಕು ಸಲ ಎದ್ದು ನೋಡುವವರ ಹಾಗೆ.

ಡಾಕ್ಟರು ಒಮ್ಮೆಲೇ ಬಿಡಿ ಅನ್ನಲಿಲ್ಲ. ಮೊದಲ ವಾರ ನೋಡಬೇಕೆನಿಸಿದಾಗ ಅರ್ಧ ಗಂಟೆ ತಡೆದು, ಆಗಲೂ ಬೇಕೆನಿಸಿದರೆ ಒಂದು ಸಲ ನೋಡುವುದು. ತಡೆದ ಆ ಅರ್ಧ ಗಂಟೆಯಲ್ಲಿ ಏನಾಗುತ್ತಿದೆ ಎಂದು ಎರಡು ಸಾಲು ಬರೆಯುವುದು: ತಲೆಭಾರವೋ, ಮಗನ ಫೋನ್ ಬರಲಿಲ್ಲವೋ, ಟಿ.ವಿ.ಯಲ್ಲಿ ಏನಾದರೂ ನೋಡಿದರೋ. ಎರಡನೆಯ ವಾರದಿಂದ ದಿನಕ್ಕೊಂದು ಸಲ, ನಿಗದಿತ ಹೊತ್ತಿಗೆ ಮಾತ್ರ. ಮೂರನೆಯ ವಾರದಿಂದ ವಾರಕ್ಕೊಂದು ದಿನ, ಅದೂ ದೊಡ್ಡಮ್ಮನೇ ಪಟ್ಟಿ ಕಟ್ಟಿ, ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಬರೆದು ಮುಚ್ಚಿಡುವುದು. ಎರಡು ಸಾಲಿನ ಆ ಬರಹದಿಂದ ದೊಡ್ಡಪ್ಪನಿಗೇ ಒಂದು ವಿಷಯ ಕಂಡಿತು. ತಲೆಭಾರ ಎಂದು ಬರೆದ ಹೊತ್ತಿನ ಅಂಕೆಗೂ ಏನೂ ಇಲ್ಲ ಎಂದು ಬರೆದ ಹೊತ್ತಿನ ಅಂಕೆಗೂ ವ್ಯತ್ಯಾಸ ಇರಲಿಲ್ಲ. ಸಾಮಾನ್ಯ ತಲೆನೋವಿನಿಂದ ಬಿ.ಪಿ. ತಿಳಿಯುವುದಿಲ್ಲ, ಬಿ.ಪಿ. ಸ್ವಲ್ಪ ಏರಿದ್ದಕ್ಕೆ ತಲೆನೋವು ಬರುವುದೂ ಅಪರೂಪ.

ಇಷ್ಟಾದರೂ ಬಿಡಲಾಗದೆ, ನಿದ್ದೆ ಕೆಟ್ಟು, ಮದುವೆ ಮನೆಗೂ ಮೆಷಿನ್ ಹೊತ್ತು ಹೋಗುವಂತಾದರೆ ಅದು ಆತಂಕದ ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಡಾಕ್ಟರರಿಗೆ ‘ಬಿ.ಪಿ. ಹೆಚ್ಚು’ ಎನ್ನುವ ಬದಲು ‘ನೋಡದೆ ಇರಲಾಗುತ್ತಿಲ್ಲ’ ಎಂದೇ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಣ ಕೊಡದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇಂಥವರಿಗೆ ಮನೆಯ ಮೆಷಿನ್ ಪೂರ್ತಿ ತೆಗೆದುಬಿಡುವುದೂ ಸರಿಯಾದ ಚಿಕಿತ್ಸೆಯೇ. ಬೇಕಾದಾಗ ಆಸ್ಪತ್ರೆಯಲ್ಲಿ 24 ಗಂಟೆ ತಾನಾಗಿ ಅಳೆಯುವ ಯಂತ್ರ ಕಟ್ಟಿ ಕಳಿಸುತ್ತಾರೆ.

ನಿಜವಾಗಿ ಓಡಬೇಕಾದ ಹೊತ್ತೂ ಇದೆ. 180/120 ಅಥವಾ ಅದಕ್ಕಿಂತ ಹೆಚ್ಚು ಕಂಡು, ಜೊತೆಗೆ ಎದೆನೋವು, ಉಸಿರುಕಟ್ಟು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಬಲ ತಪ್ಪುವುದು, ಕಣ್ಣು ಮಂಜಾಗುವುದು, ಹಿಂದೆಂದೂ ಕಾಣದ ಭಯಂಕರ ತಲೆನೋವು, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ, ಇಲ್ಲವೇ ಕೂಡಲೇ ಆಸ್ಪತ್ರೆಗೆ ಹೊರಡಿ. ಈ ಲಕ್ಷಣಗಳು ಬಂದರೆ ಅಂಕೆ 130 ಇದ್ದರೂ ಹೊರಡಬೇಕು, ಮೆಷಿನ್ ಹುಡುಕುತ್ತಾ ಕೂರಬೇಡಿ. ಲಕ್ಷಣ ಯಾವುದೂ ಇಲ್ಲದೆ 180 ಕಂಡರೆ ಐದು ನಿಮಿಷ ಕೂತು ಇನ್ನೊಮ್ಮೆ ನೋಡಿ, ಆಗಲೂ ಹಾಗೇ ಇದ್ದರೆ ಆ ದಿನವೇ ಡಾಕ್ಟರರಿಗೆ ತಿಳಿಸಿ. ಸ್ವಂತ ಯೋಚನೆಯಲ್ಲಿ ಮಾತ್ರೆ ಸೇರಿಸಬೇಡಿ.

ಶುಗರ್ ನೋಡುವವರಿಗೂ ಹೆಚ್ಚು ಕಡಿಮೆ ಇದೇ ಮಾತು. ಮೆಟ್‌ಫಾರ್ಮಿನ್ ಮಾತ್ರೆಯಲ್ಲೇ ಹತೋಟಿಯಲ್ಲಿರುವವರು ದಿನವೂ ಬೆರಳು ಚುಚ್ಚಬೇಕಾಗಿಲ್ಲ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ವರ್ಷಕ್ಕೆ ಎರಡು ಸಲ ಮಾಡಿಸಿದರೆ ಸಾಕು. 2008ರಲ್ಲಿ ಪ್ರಕಟವಾದ ಉತ್ತರ ಐರ್ಲೆಂಡಿನ ಅಧ್ಯಯನವೊಂದರಲ್ಲಿ, ಹೊಸದಾಗಿ ಶುಗರ್ ಪತ್ತೆಯಾಗಿ ಮನೆಯಲ್ಲೇ ನೋಡಿಕೊಳ್ಳುತ್ತಿದ್ದವರಲ್ಲಿ ಶುಗರ್ ಹತೋಟಿ ಉಳಿದವರಿಗಿಂತ ಉತ್ತಮವಾಗಲಿಲ್ಲ, ಖಿನ್ನತೆಯ ಲಕ್ಷಣ ಮಾತ್ರ ಹೆಚ್ಚು ಕಂಡಿತು. ಗ್ಲುಕೋಮೀಟರಿಗೆ ಶೇಕಡಾ 15ರಷ್ಟು ತಪ್ಪಲು ಅವಕಾಶವಿದೆ. ಅಂದರೆ 140 ಎಂದು ತೋರಿಸಿದರೆ ನಿಜವಾದದ್ದು 120ರ ಆಸುಪಾಸಿರಬಹುದು, 160ರ ಆಸುಪಾಸೂ ಇರಬಹುದು. ಮಾವಿನ ಹಣ್ಣು, ಹಲಸಿನ ತೊಳೆ ಬಿಡಿಸಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ, ಮುಚ್ಚಳ ಸಡಿಲವಾದ ಡಬ್ಬಿಯ ಸ್ಟ್ರಿಪ್‌ಗಳು ಕೆಟ್ಟು ತಪ್ಪು ಅಂಕೆ ಕೊಡುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರ ಮಾತು ಬೇರೆ, ಗ್ಲಿಮೆಪಿರೈಡ್‌ನಂಥ ಮಾತ್ರೆಯವರದೂ ಬೇರೆ. ಅವರಿಗೆ ಶುಗರ್ ಕುಸಿಯುವ ಅಪಾಯ ಇದೆ, ಅವರು ಡಾಕ್ಟರು ಹೇಳಿದಷ್ಟು ಸಲ ನೋಡಲೇಬೇಕು.

ದೊಡ್ಡಪ್ಪನ ಮಾತ್ರೆ ಹಿಂದಿನ ಹಾಗೆಯೇ, ಬೆಳಿಗ್ಗೆ 5 ಮಿಲಿಗ್ರಾಂ ಒಂದು. ಕಾಲಿನ ಬಾವು ಎರಡು ವಾರದಲ್ಲಿ ಇಳಿಯಿತು. ಮೆಷಿನ್ ಈಗ ಕಪಾಟಿನ ಮೇಲಿನ ಅರೆಯಲ್ಲಿದೆ, ಅದರ ಬ್ಯಾಟರಿ ದೊಡ್ಡಮ್ಮನ ಹೊಲಿಗೆ ಡಬ್ಬಿಯಲ್ಲಿ. ಕ್ಯಾಲೆಂಡರಿನಲ್ಲಿ ಮುಂದಿನ ಭೇಟಿಯ ದಿನಕ್ಕೆ ಒಂದು ಸುತ್ತು ಹಾಕಿ, ಅದಕ್ಕೆ ಏಳು ದಿನ ಮುಂಚಿನ ಚೌಕದಲ್ಲಿ ಮಾಷ್ಟ್ರ ಅಕ್ಷರದಲ್ಲಿ ‘ಬ್ಯಾಟರಿ ಹಾಕುವುದು’ ಎಂದು ಬರೆದಿದೆ.